ಮೂವತ್ತು ಸೆಕೆಂಡು, ಒಂಬತ್ತನೇ ತಾರೀಖು

ಬೆಳಗಾವಿಯಲ್ಲಿ ಸಣ್ಣ ಉದ್ಯೋಗ ನಡೆಸುವವರೆಲ್ಲ ಸೇರುವ ಬೆಳಗಿನ ಮೀಟಿಂಗ್‌ಗೆ ಗೆಸ್ಟ್ ಆಗಿ ಹೋದರೆ ನಿಮಗೆ ಸಿಗುವುದು ಮೂವತ್ತು ಸೆಕೆಂಡು. ಎದ್ದು ನಿಲ್ಲಬೇಕು, ಹೇಳಬೇಕು, ಗಂಟೆ ಹೊಡೆದರೆ ಕೂರಬೇಕು. ನಾನು ಫ್ರೀಲ್ಯಾನ್ಸ್ ಅಕೌಂಟೆಂಟ್. ಮೊದಲು ಒಬ್ಬ ಆಡಿಟರ್ ಆಫೀಸಿನಲ್ಲಿದ್ದೆ, ಈಗ ಟಿಳಕವಾಡಿಯ ಮನೆಯಿಂದಲೇ ಕೆಲವು ಪಾರ್ಟಿಗಳ ಲೆಕ್ಕ ನೋಡುತ್ತೇನೆ. ಹೊಸ ಕೆಲಸ ಬೇಕಿತ್ತು, ಪರಿಚಯದ ಪ್ರಿಂಟಿಂಗ್ ಪ್ರೆಸ್‌ನವರೊಬ್ಬರು ಕರೆದರು, ಒಪ್ಪಿಕೊಂಡೆ. ಆ ಮೂವತ್ತು ಸೆಕೆಂಡಿಗೆ ಏನು ಹೇಳಬೇಕು ಅಂತ ಹೇಗೆ ಗೊತ್ತು ಮಾಡಿಕೊಂಡೆ, ಹೇಳಿದ ಮೇಲೆ ಏನಾಯಿತು, ಅದನ್ನು ಬರೆಯುತ್ತಿದ್ದೇನೆ. ನಮ್ಮ ಕೆಲಸದವರಿಗೆ ಉಪಯೋಗ ಆಗಬಹುದು.

ಇಂಥ ಕಡೆ ಅಕೌಂಟೆಂಟ್‌ಗಳು ಸಾಮಾನ್ಯವಾಗಿ ಏನು ಹೇಳುತ್ತಾರೆ ಅಂತ ನಿಮಗೂ ಗೊತ್ತು. "ನಾವು ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್, ಟಿಡಿಎಸ್, ಪಿಎಫ್, ಇಎಸ್‌ಐ, ಟ್ಯಾಲಿ ಎಂಟ್ರಿ, ಉದ್ಯಮ್ ರಿಜಿಸ್ಟ್ರೇಷನ್, ಪ್ರಾಜೆಕ್ಟ್ ರಿಪೋರ್ಟ್ ಎಲ್ಲಾ ಮಾಡಿಕೊಡ್ತೀವಿ." ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಕೂತವರ ಹತ್ತಿರ ಆಗಲೇ ಯಾರೋ ಒಬ್ಬರು ಇದನ್ನೆಲ್ಲ ಮಾಡುವವರು ಇದ್ದಾರೆ. ಅವರಿಗೆ ಕೇಳಿಸುವುದು "ಇನ್ನೊಬ್ಬರು" ಅಂತ ಅಷ್ಟೇ. ಇರುವವರನ್ನು ಬಿಟ್ಟು ಬರಲು ಕಾರಣವೇ ಸಿಗುವುದಿಲ್ಲ, ಅಲ್ವಾ?

ಹಾಗಾಗಿ ನಾನು ಬರೆಯಲು ಕೂರುವ ಮೊದಲು ಹಳೇ ಪಾರ್ಟಿಗಳಿಗೆ ಫೋನ್ ಮಾಡಿದೆ. "ನನ್ನ ಕೆಲಸ ಹೆಂಗೈತಿ" ಅಂತ ಕೇಳಲಿಲ್ಲ, ಹಾಗೆ ಕೇಳಿದರೆ ಎಲ್ಲರೂ "ಭಾಳ ಚಲೋ ಐತ್ರಿ" ಅಂತಾರೆ. ಕೇಳಿದ್ದು ಒಂದೇ: "ನನಗ ತಿಂಗಳದಾಗ ಯಾವಾಗ ಸಿಟ್ಟಿನಿಂದ ಫೋನ್ ಮಾಡ್ತೀರಿ?" ಉತ್ತರ ಬೇಗ ಬಂತು. 18, 19ನೇ ತಾರೀಖಿಗೆ. 20ಕ್ಕೆ ಜಿಎಸ್‌ಟಿ ತುಂಬಬೇಕು, ಇಷ್ಟು ತುಂಬಬೇಕಾಗುತ್ತೆ ಅಂತ ನಾನು ಲೆಕ್ಕ ಕಳಿಸಿದ ಕೂಡಲೇ ಅವರ ಮೊದಲ ಮಾತು, "ಇಷ್ಟ್ಯಾಕ ಬಂತು? ಮಾಲು ತಗೊಂಡಿದ್ದ ಇನ್‌ಪುಟ್ ಎಲ್ಲಿ ಹೋತು?"

ಅಲ್ಲಿಗೆ ವಿಷಯ ಸಿಕ್ಕಿತು. ಎಲ್ಲಾ ಸೇವೆ ಬಿಟ್ಟು ಇದೊಂದನ್ನೇ ಹೇಳುವುದು ಅಂತ ತೀರ್ಮಾನ ಮಾಡಿದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನೀವು ಮಾಲು ಕೊಂಡಾಗ ಬಿಲ್ಲಿನ ಜೊತೆ ಜಿಎಸ್‌ಟಿ ಕೊಟ್ಟಿರುತ್ತೀರಿ. ನಿಮ್ಮ ಮಾಲು ಮಾರಿದಾಗ ನೀವು ವಸೂಲಿ ಮಾಡಿದ ಜಿಎಸ್‌ಟಿಯಲ್ಲಿ ಅದನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟುತ್ತೀರಿ. ಹೀಗೆ ಕಳೆಯುವುದಕ್ಕೆ ಮಾರ್ಕೆಟ್‌ನಲ್ಲಿ ಇನ್‌ಪುಟ್ ಅಂತಾರೆ. ಆದರೆ 2022ರ ಜನವರಿ 1ರಿಂದ ನಿಯಮ ಬಿಗಿಯಾಗಿದೆ. ನಿಮ್ಮ ಕೈಯಲ್ಲಿ ಬಿಲ್ ಇದ್ದರೆ ಸಾಲದು, ಮಾಲು ಕೊಟ್ಟವನು ಆ ಬಿಲ್ಲನ್ನು ಜಿಎಸ್‌ಟಿಆರ್-1 ಅನ್ನೋ ತನ್ನ ಮಾರಾಟದ ರಿಟರ್ನ್‌ನಲ್ಲಿ ತೋರಿಸಿರಬೇಕು, ಅದು ನಿಮ್ಮ ಜಿಎಸ್‌ಟಿಆರ್-2ಬಿ ಅನ್ನೋ ಪಟ್ಟಿಯಲ್ಲಿ ಬಂದಿರಬೇಕು. ಅಲ್ಲಿ ಬರದಿದ್ದರೆ ಆ ತಿಂಗಳಿಗೆ ಆ ಇನ್‌ಪುಟ್ ಇಲ್ಲ. ಹೇಗೂ ಮುಂದೆ ಬರುತ್ತೆ ಬಿಡು ಅಂತ ಮೊದಲೇ ಹಿಡಿದು ಬಳಸಿಕೊಂಡರೆ ಮುಂದೆ ನೋಟಿಸ್ ಬಂದಾಗ ವರ್ಷಕ್ಕೆ 18% ಬಡ್ಡಿ ಸೇರಿಸಿ ಕಟ್ಟಬೇಕಾಗುತ್ತೆ.

ಈ 2ಬಿ ತಯಾರಾಗುವುದು ಪ್ರತಿ ತಿಂಗಳು 14ಕ್ಕೆ. ಹಾಗಾಗಿ ಮೊದಲ ಕರಡಿನಲ್ಲಿ ಕೈಗೆ ಬಂದ ವಾಕ್ಯ ಇದು: "15ನೇ ತಾರೀಖಿಗೆ ಯಾರ ಬಿಲ್ ಬಂದಿಲ್ಲ ಅನ್ನೋ ಪಟ್ಟಿ ನಿಮಗೆ ಕಳಿಸ್ತೀನಿ." ಕೇಳಲು ಚೆನ್ನಾಗಿದೆ. ನಮ್ಮಲ್ಲಿ ಬಹಳಷ್ಟು ಜನ ಮಾಡುವುದೂ ಇದನ್ನೇ. ಆದರೆ ಇದರಿಂದ ಆ ತಿಂಗಳಿಗೆ ಏನೂ ಉಪಯೋಗ ಇಲ್ಲ. ತಿಂಗಳಿಗೊಮ್ಮೆ ರಿಟರ್ನ್ ಹಾಕುವವನು 11ನೇ ತಾರೀಖಿನೊಳಗೆ ಜಿಎಸ್‌ಟಿಆರ್-1 ಹಾಕಿದ್ದರೆ ಮಾತ್ರ ಆ ಬಿಲ್ ನಿಮ್ಮ ಈ ತಿಂಗಳ 2ಬಿಯಲ್ಲಿ ಬರುತ್ತೆ. 15ಕ್ಕೆ ಪಟ್ಟಿ ನೋಡಿ ನೀವು ಫೋನ್ ಮಾಡಿ ಬೈದು ಅವನು 16ಕ್ಕೆ ಹಾಕಿದ ಅಂತಿಟ್ಟುಕೊಳ್ಳಿ, ಅದು ಬರುವುದು ಮುಂದಿನ ತಿಂಗಳ 2ಬಿಗೆ. 20ಕ್ಕೆ ನೀವು ಕೈಯಿಂದ ಕಟ್ಟುವುದು ತಪ್ಪಲಿಲ್ಲ.

ಅಂದ್ರೆ ಪಟ್ಟಿ ಬೇಕಾಗಿರುವುದು 11ಕ್ಕಿಂತ ಮೊದಲು. ಅದು ಸಾಧ್ಯವಿದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ 2024ರ ಅಕ್ಟೋಬರ್‌ನಿಂದ ಐಎಂಎಸ್ ಅಂತ ಒಂದು ಭಾಗ ಇದೆ. ಮಾಲು ಕೊಟ್ಟವನು ಬಿಲ್ ಏರಿಸಿ ಸೇವ್ ಮಾಡಿದ ಮೇಲೆ ಅದು ಅಲ್ಲಿ ಕಾಣಿಸುತ್ತೆ, 14ರವರೆಗೆ ಕಾಯಬೇಕಾಗಿಲ್ಲ. 8, 9ನೇ ತಾರೀಖಿಗೆ ಅದನ್ನು ತೆಗೆದು ಪಾರ್ಟಿಯ ಖರೀದಿ ಪಟ್ಟಿಯ ಜೊತೆ ತಾಳೆ ನೋಡಿದರೆ ಯಾರದು ಬಂದಿದೆ, ಯಾರದು ಬಂದಿಲ್ಲ ಗೊತ್ತಾಗುತ್ತೆ. ಫೋನ್ ಮಾಡಲು ಎರಡು ದಿನ ಕೈಯಲ್ಲಿರುತ್ತೆ.

ಇದರಲ್ಲೂ ಒಂದು ತೊಡಕು ಇದೆ. ಎಷ್ಟೋ ಜನ 10, 11ಕ್ಕೇ ಬಿಲ್ ಏರಿಸುವವರು. 9ಕ್ಕೆ ನೋಡಿದರೆ ಅರ್ಧಕ್ಕರ್ಧ ಬಿಲ್ ಕಾಣುವುದಿಲ್ಲ. ಆ ಪಟ್ಟಿಯನ್ನು ಹಾಗೇ ಮಾಲಕರಿಗೆ ಕಳಿಸಿದರೆ ಅವರು ಗಾಬರಿ ಆಗಿ ಎಲ್ಲರಿಗೂ ಫೋನ್ ಮಾಡುತ್ತಾರೆ, ಸರಿಯಾಗಿ ಹಾಕುವ ಸಪ್ಲೈಯರ್‌ಗೂ ಬೇಜಾರು. ಅದಕ್ಕೆ ನಾನು ಮಾಡುವುದು ಇಷ್ಟು: ಹಿಂದಿನ ತಿಂಗಳುಗಳಲ್ಲಿ ಯಾರದು ತಡ ಆಗಿತ್ತೋ ಅವರದು, ಮತ್ತೆ ಯಾರ ಬಿಲ್ಲಿನ ಟ್ಯಾಕ್ಸ್ ದೊಡ್ಡದಿದೆಯೋ ಅವರದು, ಇವೆರಡನ್ನೇ ಕಳಿಸುತ್ತೇನೆ. ನಾಲ್ಕೈದು ಹೆಸರು. ಅಷ್ಟಕ್ಕೆ ಫೋನ್ ಮಾಡಲು ಯಾರಿಗೂ ಪುರುಸೊತ್ತು ಸಿಗುತ್ತೆ.

ಇನ್ನು ಮಾತಿನ ಉದ್ದ. ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿಕೊಂಡು ನೋಡಿದೆ. ಕನ್ನಡದಲ್ಲಿ ಪದಗಳು ಉದ್ದ, ಆರಾಮಾಗಿ ಹೇಳಿದರೆ ಮೂವತ್ತು ಸೆಕೆಂಡಿಗೆ ಐವತ್ತು ಪದದ ಆಸುಪಾಸು ಹಿಡಿಯುತ್ತವೆ. ಓಡಿಸಿ ಹೇಳಿದರೆ ಅರವತ್ತೈದೂ ಆಗುತ್ತೆ, ಆದರೆ ತಾರೀಖು ಯಾರಿಗೂ ನೆನಪುಳಿಯುವುದಿಲ್ಲ. ಬೆಳಗಾವಿಯ ಸಭೆ ಅಂದ ಮೇಲೆ ಇನ್ನೊಂದು ಮಾತೂ ಇದೆ, ಅರ್ಧ ಜನ ಮನೆಯಲ್ಲಿ ಮರಾಠಿ ಮಾತಾಡುವವರು. ಕನ್ನಡ ತಿಳಿಯುತ್ತೆ, ಆದರೆ ವೇಗವಾಗಿ ಹೇಳಿದ ಅಂಕಿ ತಪ್ಪಿ ಹೋಗುತ್ತೆ. ಹಾಗಾಗಿ ತಾರೀಖನ್ನು ಎರಡು ಸಲ ಹೇಳುವುದು, ಒಮ್ಮೆ "ಒಂಬತ್ತು", ಒಮ್ಮೆ "ನಊ ತಾರೀಖ್". ಅದಕ್ಕೆ ಹೋಗುವುದು ಒಂದು ಸೆಕೆಂಡು, ಅದು ದಂಡ ಅಲ್ಲ.

ಒಂದು ವಾಕ್ಯದ ಮೇಲೆ ತುಂಬಾ ಯೋಚನೆ ಮಾಡಿದೆ: "ನಾನು ಆಡಿಟರ್ ಅಲ್ಲ." ನಮ್ಮ ಕಡೆ ಲೆಕ್ಕ ನೋಡುವವರನ್ನೆಲ್ಲ ಆಡಿಟರ್ ಅಂತ ಕರೆಯುವ ರೂಢಿ. ನನಗೂ ಎಷ್ಟೋ ಜನ "ಆಡಿಟರ್ ಮೇಡಂ" ಅಂತಾರೆ. ಕೇಳಲು ಖುಷಿ, ಆದರೆ ಸರಿಯಲ್ಲ. ನಾನು ಬಿ.ಕಾಂ, ಸಿಎ ಅಲ್ಲ. ಇನ್‌ಕಮ್ ಟ್ಯಾಕ್ಸ್‌ನ ಟ್ಯಾಕ್ಸ್ ಆಡಿಟ್ ವರದಿಗೆ ಸಹಿ ಹಾಕುವುದು ಸಿಎಗಳೇ, ನಾನು ಹಾಕುವಂತಿಲ್ಲ. ಪುಸ್ತಕ ಬರೆಯುವುದು, ತಾಳೆ ನೋಡುವುದು, ರಿಟರ್ನ್‌ಗೆ ಅಂಕಿ ತಯಾರು ಮಾಡಿಕೊಡುವುದು ನನ್ನ ಕೆಲಸ. ಇದನ್ನು ಪಿಚ್‌ನಲ್ಲೇ ಹೇಳಬೇಕಾ? ಕೆಲವರು ಬೇಡ ಅಂದರು, ನಿನ್ನನ್ನು ನೀನೇ ಯಾಕೆ ಸಣ್ಣ ಮಾಡಿಕೊಳ್ಳುತ್ತೀಯ ಅಂತ. ನನಗೆ ಉಲ್ಟಾ ಅನಿಸಿತು. ಕೂತವರ ತಲೆಯಲ್ಲಿ ಓಡುತ್ತಿರುವುದು "ನಮ್ಮ ಆಡಿಟರ್ ಜೊತಿ ಇಪ್ಪತ್ತು ವರ್ಷದ ಸಂಬಂಧ, ಅವರನ್ನ ಬಿಡೂದು ಹೆಂಗ" ಅನ್ನೋ ಯೋಚನೆ. ಬಿಡಬೇಕಾಗಿಲ್ಲ ಅಂತ ನಾನೇ ಹೇಳಿದರೆ ಆ ಗೋಡೆ ಬೀಳುತ್ತೆ. ಸಿಎಗಳು ಹೀಗೆ ಎದ್ದು ನಿಂತು ಕೆಲಸ ಕೇಳುವುದಕ್ಕೆ ಅವರ ವೃತ್ತಿಯ ನಿಯಮಗಳ ಅಡ್ಡಿ ಇದೆ, ಸಿಎ ಕಾಯ್ದೆಯಲ್ಲೇ ಅದು ಬರೆದಿದೆ. ಅವರು ಅಲ್ಲಿ ಬಂದು ಹೇಳಲಾರರು, ನಾನು ಹೇಳಬಹುದು. ಹೇಳುವಾಗ ಅವರ ಊಟದ ತಟ್ಟೆಗೆ ಕೈ ಹಾಕುತ್ತಿಲ್ಲ ಅಂತ ಗೊತ್ತಾಗಬೇಕು, ಅಷ್ಟೇ.

"ಟ್ಯಾಕ್ಸ್ ಕಡಿಮೆ ಮಾಡಿಸ್ತೀನಿ" ಅನ್ನೋ ಮಾತನ್ನು ಬೇಕಂತಲೇ ಬಿಟ್ಟೆ. ಅದು ಜನ ಸೆಳೆಯುತ್ತೆ, ಆದರೆ ಬರುವವರು ಬೇರೆ ಥರದವರು. "ನಿಮ್ಮ ದುಡ್ಡು ಮುಳುಗುತ್ತೆ" ಅಂತಲೂ ಬರೆಯಲಿಲ್ಲ. ಬರದ ಇನ್‌ಪುಟ್ ಮುಳುಗಿತು ಅಂತಲ್ಲ, ಬಹಳ ಸಲ ಬರೀ ಸಿಕ್ಕಿಬಿದ್ದಿರುತ್ತೆ. ಮುಳುಗುವುದಕ್ಕೆ ಬೇರೆ ಗಡುವು ಇದೆ, ಆ ಹಣಕಾಸು ವರ್ಷ ಮುಗಿದ ಮೇಲೆ ಬರುವ ನವೆಂಬರ್ 30. ಅದಕ್ಕೂ ಮೊದಲು ವಾರ್ಷಿಕ ರಿಟರ್ನ್ ಹಾಕಿಬಿಟ್ಟರೆ ಆವತ್ತಿಗೇ ಮುಗಿಯಿತು. ಅಲ್ಲಿಯವರೆಗೆ ಸಿಕ್ಕಿಬಿದ್ದ ದುಡ್ಡು ಸಿಕ್ಕಿಬಿದ್ದ ದುಡ್ಡೇ, ಅದಕ್ಕೆ ಬ್ಯಾಂಕಿನ ಸಿಸಿ ಸಾಲದ ಬಡ್ಡಿ ನೀವು ಕಟ್ಟುತ್ತಿರುತ್ತೀರಿ.

ಕೊನೆಗೆ ನಿಂತ ಮಾತು ಇದು. ಬೆಳಗಾವಿ ಮಾತಲ್ಲೇ ಬರೆದುಕೊಂಡೆ, ಪುಸ್ತಕದ ಕನ್ನಡದಲ್ಲಿ ಹೇಳಿದರೆ ಭಾಷಣದಂತೆ ಕೇಳುತ್ತೆ.

"ನಮಸ್ಕಾರ್ರಿ. ಟಿಳಕವಾಡಿಯಾಗ ಅಕೌಂಟ್ಸ್ ಕೆಲಸ ಮಾಡ್ತೀನಿ. ನೀವು ಮಾಲು ತಗೊಂಡೀರಿ, ಜಿಎಸ್‌ಟಿನೂ ಕೊಟ್ಟೀರಿ. ಆ ಪಾರ್ಟಿ ಬಿಲ್ ಹಾಕಲಿಲ್ಲಂದ್ರ ಆ ರೊಕ್ಕ ಇಪ್ಪತ್ತಕ್ಕ ನೀವು ಮತ್ತ ಕೈಲೆ ತುಂಬತೀರಿ. ಪ್ರತಿ ತಿಂಗಳ ಒಂಬತ್ತಕ್ಕ, ನಊ ತಾರೀಖ್, ಯಾರಿಗೆ ಫೋನ್ ಮಾಡಬೇಕು ಅನ್ನೋ ನಾಕೈದು ಹೆಸರು ನಿಮ್ಮ ವಾಟ್ಸಪ್‌ಗೆ ಕಳಸ್ತೀನಿ. ನಾನು ಆಡಿಟರ್ ಅಲ್ಲ, ನಿಮ್ಮ ಆಡಿಟರ್ ನಿಮಗ ಇರಲಿ. ಹೋದ ತಿಂಗಳದ ಖರೀದಿ ಪಟ್ಟಿ ಕೊಡ್ರಿ, ತಾಳೆ ನೋಡಿ ಹೇಳ್ತೀನಿ."

ಮೊದಲು ಹೆಸರು ಹೇಳಿಕೊಳ್ಳುತ್ತೇನೆ, ಇಲ್ಲಿ ಬಿಟ್ಟಿದ್ದೇನೆ. ಕೊನೆಯ ವಾಕ್ಯ ನೋಡಿ, "ನನಗೆ ಕೆಲಸ ಕೊಡಿ" ಅಂತ ಇಲ್ಲ. ಒಂದು ತಿಂಗಳದ ಪಟ್ಟಿ ಕೊಡಿ ಅಂತ ಇದೆ. ಕಾರಣ, ಹೊಸಬರು ಪೋರ್ಟಲ್ ಪಾಸ್‌ವರ್ಡ್ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು. ಮೊದಲ ತಾಳೆಗೆ ಪಾಸ್‌ವರ್ಡ್ ಬೇಕಾಗಿಲ್ಲ. ಟ್ಯಾಲಿಯಿಂದ ಖರೀದಿ ಪಟ್ಟಿ, ಪೋರ್ಟಲ್‌ನಿಂದ ಇಳಿಸಿದ 2ಬಿ ಎಕ್ಸೆಲ್, ಎರಡು ಫೈಲು ಸಾಕು. ಅದನ್ನು ಅವರೋ ಅವರ ಆಡಿಟರ್ ಆಫೀಸಿನವರೋ ಐದು ನಿಮಿಷದಲ್ಲಿ ಕಳಿಸಬಹುದು.

ಮೀಟಿಂಗ್ ಇದ್ದದ್ದು ಒಂದು ಹೋಟೆಲ್‌ನ ಹಾಲ್‌ನಲ್ಲಿ, ಬೆಳಿಗ್ಗೆ ಏಳೂವರೆಗೆ. ಉಪ್ಪಿಟ್ಟು, ಶಿರಾ, ಚಹಾ. ಉದ್ಯಮಬಾಗ್‌ನ ಫೌಂಡ್ರಿಯವರು, ಮಚ್ಛೆಯ ಹೈಡ್ರಾಲಿಕ್ ಬಿಡಿಭಾಗದವರು, ಡಬ್ಬಿ ಮಾಡುವವರು, ವಡಗಾವಿಯ ಮಗ್ಗದವರು, ಒಬ್ಬರು ಕುಂದಾ ಮಾರುವವರು. ನನ್ನ ಮೊದಲು ಎದ್ದವರು ಇನ್ಶೂರೆನ್ಸ್‌ನವರು, ಗಂಟೆ ಹೊಡೆದ ಮೇಲೂ ನಿಲ್ಲಲಿಲ್ಲ, ಜನ ನಕ್ಕರು. ನನ್ನ ಸರದಿ ಬಂತು, ಹೇಳಿದೆ. "ಮತ್ತ ಕೈಲೆ ತುಂಬತೀರಿ" ಅಂದಾಗ ಎರಡನೇ ಸಾಲಿನಲ್ಲಿದ್ದ ಒಬ್ಬರು ಚಹಾ ಕಪ್ ಕೆಳಗಿಟ್ಟು ಪಕ್ಕದವರ ಕಡೆ ನೋಡಿದರು. ಗಂಟೆಗಿಂತ ಸ್ವಲ್ಪ ಮೊದಲೇ ಮುಗಿಯಿತು. ಉಳಿದ ಸೆಕೆಂಡನ್ನು ತುಂಬಿಸಲು ಹೋಗಲಿಲ್ಲ, ಕೂತೆ.

ಮೀಟಿಂಗ್ ಮುಗಿದ ಮೇಲೆ ಮೊದಲು ಬಂದವರು ಕುಂದಾ ಅಂಗಡಿಯವರು. "ಅಕ್ಕಾರ, ನಮಗ ಇನ್‌ಪುಟ್ಟೇ ಇಲ್ಲ, ನಮ್ಮದು ಕಾಂಪೊಸಿಷನ್" ಅಂದರು. ಸರಿಯೇ. ಕಾಂಪೊಸಿಷನ್‌ನಲ್ಲಿ ಇರುವವರು ವಹಿವಾಟಿನ ಮೇಲೆ ಒಂದು ಸಣ್ಣ ಶೇಕಡಾ ಕಟ್ಟುತ್ತಾರೆ, ಇನ್‌ಪುಟ್ ಹಿಡಿಯುವಂತಿಲ್ಲ. ಅವರಿಗೆ ನನ್ನ ಪಿಚ್ ಉಪಯೋಗ ಇಲ್ಲ, ಹಾಗಂತಲೇ ಹೇಳಿದೆ. ಈ ಮಾತು ಕಾರ್ಖಾನೆಯವರಿಗೆ, ಹೋಲ್‌ಸೇಲ್‌ನವರಿಗೆ ಮಾತ್ರ ತಾಗುವಂಥದ್ದು. ಬರೀ ಅಂಗಡಿಕಾರರು ಸೇರುವ ಸಭೆಗೆ ಹೋಗುವುದಾದರೆ ಬೇರೆ ಪಿಚ್ ಬರೆಯಬೇಕು.

ಆಮೇಲೆ ಬಂದವರು ಚಹಾ ಕಪ್ ಕೆಳಗಿಟ್ಟವರು. ಅರವತ್ತರ ಹತ್ತಿರದವರು, ಸಣ್ಣ ಫೌಂಡ್ರಿ. ಉಗುರಿನ ಸಂದಿಯಲ್ಲಿ ಮೋಲ್ಡಿಂಗ್ ಮರಳಿನ ಕರಿ ಹಾಗೇ ಇತ್ತು. ಅಂಗಿ ಜೇಬಿನಿಂದ ರಬ್ಬರ್ ಬ್ಯಾಂಡ್ ಹಾಕಿದ ಬಿಲ್ಲಿನ ಕಟ್ಟು ತೆಗೆದರು. ಅದರಲ್ಲಿ ಎರಡಕ್ಕೆ ಕೆಂಪು ಪೆನ್ನಿನ ಗೆರೆ.

"ತಂಗಿ, ಇವೆರಡು ನೋಡು. ಪ್ರತಿ ಸಲ ಇವನ ಇನ್‌ಪುಟ್ ಬರಂಗಿಲ್ಲ. ಕೇಳಿದ್ರ, ಹಾಕೀನಿ ಅಂತಾನ. ಯಾರದು ಖರೆ, ಯಾರದು ಸುಳ್ಳು?"

"ಕಾಕಾ, ಅದನ್ನ ಇಲ್ಲೇ ನಿಂತು ಹೇಳಾಕ ಆಗಂಗಿಲ್ರಿ. ಎರಡೂ ಫೈಲ್ ಕಳಸ್ರಿ, ನಾಳಿಗೆ ಹೇಳ್ತೀನಿ."

"ಎಷ್ಟು ತಗೋತಿ?"

"ಈ ಸಲ ಏನೂ ಬ್ಯಾಡ್ರಿ. ಮುಂದ ತಿಂಗಳ ತಿಂಗಳ ಬೇಕಂದ್ರ, ಬಿಲ್ ಎಷ್ಟ್ ಅದಾವು ನೋಡಿ ಹೇಳ್ತೀನಿ."

ಬೆಲೆಯನ್ನು ಅಲ್ಲೇ ಹೇಳದಿರಲು ಕಾರಣ ಇದೆ. ತಿಂಗಳಿಗೆ ಮೂವತ್ತು ಬಿಲ್ ಇರುವವರದೂ ಮುನ್ನೂರು ಬಿಲ್ ಇರುವವರದೂ ಒಂದೇ ಕೆಲಸ ಅಲ್ಲ. ಹಾಲ್‌ನಲ್ಲಿ ಒಂದು ಅಂಕಿ ಬಾಯಿಂದ ಬಿದ್ದರೆ ಅದೇ ಎಲ್ಲರ ಬೆಲೆ ಆಗಿಬಿಡುತ್ತೆ, ಬೆಳಗಾವಿ ಸಣ್ಣ ಊರು.

ಅವರ ಮಗ ಮಧ್ಯಾಹ್ನವೇ ಫೈಲ್ ಕಳಿಸಿದ. ಏಪ್ರಿಲ್ ತಿಂಗಳದ ಲೆಕ್ಕ. ಅಂಕಿಗಳನ್ನು ಸ್ವಲ್ಪ ದುಂಡಾಗಿ ಮಾಡಿ ಬರೆಯುತ್ತಿದ್ದೇನೆ, ಅವರನ್ನು ಗುರುತಿಸಬಾರದು ಅಂತ. ಆ ತಿಂಗಳು 10 ಲಕ್ಷದ ಕಾಸ್ಟಿಂಗ್ ಮಾರಿದ್ದರು, 18% ಅಂದರೆ 1,80,000 ಜಿಎಸ್‌ಟಿ. ಪುಸ್ತಕದ ಪ್ರಕಾರ ಇನ್‌ಪುಟ್ 1,20,000. ಅಂದ್ರೆ 60,000 ಕಟ್ಟಿದರೆ ಸಾಕಿತ್ತು. ಆದರೆ 2ಬಿಯಲ್ಲಿ ಬಂದದ್ದು 84,000 ಮಾತ್ರ, ಹಾಗಾಗಿ ಕಟ್ಟಿದ್ದು 96,000. ವ್ಯತ್ಯಾಸ 36,000. ಸಣ್ಣ ಫೌಂಡ್ರಿಗೆ ಅದು ಕೆಲಸಗಾರರ ವಾರದ ಪಗಾರ.

ಆ 36,000 ಎರಡೇ ಬಿಲ್ಲಿನದು. ಕಾಕಾ ಕೆಂಪು ಗೆರೆ ಹಾಕಿದ್ದ ಅವೇ ಎರಡು. ಒಂದು ಪಿಗ್ ಐರನ್, ಒಂದೂವರೆ ಲಕ್ಷದ ಮಾಲು, 27,000 ಟ್ಯಾಕ್ಸ್. ಇನ್ನೊಂದು ರೆಜಿನ್, 50,000ದ ಮಾಲು, 9,000 ಟ್ಯಾಕ್ಸ್. ಅವರು ಎರಡನ್ನೂ ಒಬ್ಬನದೇ ತಪ್ಪು ಅನ್ನೋ ಹಾಗೆ ಹೇಳಿದ್ದರು, ಆದರೆ ಪಾರ್ಟಿಗಳು ಬೇರೆ, ರೋಗವೂ ಬೇರೆ.

ಹೀಗಿದ್ದಾಗ ನಾನು ಮೊದಲು ನೋಡುವುದು ಪೋರ್ಟಲ್‌ನ ಮುಖಪುಟದಲ್ಲೇ ಇರುವ ಸರ್ಚ್ ಟ್ಯಾಕ್ಸ್‌ಪೇಯರ್. ಯಾರ ಲಾಗಿನ್ನೂ ಬೇಕಾಗಿಲ್ಲ. ಬಿಲ್ಲಿನ ಮೇಲಿರುವ ಸಪ್ಲೈಯರ್‌ನ ಜಿಎಸ್‌ಟಿ ನಂಬರ್ ಹಾಕಿದರೆ ಫೈಲಿಂಗ್ ಟೇಬಲ್ ಬರುತ್ತೆ, ಯಾವ ತಿಂಗಳದ ರಿಟರ್ನ್ ಯಾವ ತಾರೀಖಿಗೆ ಹಾಕಿದ್ದಾನೆ ಅಂತ ಕಾಣಿಸುತ್ತೆ. ಪಿಗ್ ಐರನ್‌ನವನ ಟೇಬಲ್ ನೋಡಿದೆ. ಸಾಲಾಗಿ ಮಾರ್ಚ್, ಡಿಸೆಂಬರ್, ಸೆಪ್ಟೆಂಬರ್, ಜೂನ್. ನಡುವಿನ ತಿಂಗಳುಗಳು ಇಲ್ಲವೇ ಇಲ್ಲ.

ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನು ಕ್ವಾರ್ಟರ್ಲಿ ಪಾರ್ಟಿ. ವರ್ಷಕ್ಕೆ 5 ಕೋಟಿವರೆಗಿನ ವಹಿವಾಟು ಇರುವವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಯೋಜನೆ ತೆಗೆದುಕೊಳ್ಳಬಹುದು. ಏಪ್ರಿಲ್, ಮೇ, ಜೂನ್ ಮೂರರ ಬಿಲ್ಲನ್ನೂ ಜುಲೈ 13ರೊಳಗೆ ಒಟ್ಟಿಗೆ ಹಾಕುತ್ತಾನೆ. ಕಾಯ್ದೆ ಪ್ರಕಾರ ಅವನು ಸರಿ. ಆದರೆ ತಿಂಗಳು ತಿಂಗಳು ಟ್ಯಾಕ್ಸ್ ಕಟ್ಟುವ ಕಾಕಾಗೆ ಏಪ್ರಿಲ್ ಬಿಲ್ಲಿನ ಇನ್‌ಪುಟ್ ಸಿಗುವುದು ಜೂನ್ ತಿಂಗಳದ 2ಬಿಯಲ್ಲಿ, ಅಂದರೆ ಜುಲೈ 14ಕ್ಕೆ. ಮೇ 20ಕ್ಕೆ ಕೈಯಿಂದ ಹೋದ 27,000 ಜುಲೈ 20ರ ಲೆಕ್ಕದಲ್ಲಿ ವಾಪಸ್ ಬಂದು ಕೂರುತ್ತೆ. ಎರಡು ತಿಂಗಳು ಸಿಕ್ಕಿಬಿದ್ದ ದುಡ್ಡು. ಪ್ರತಿ ತಿಂಗಳು ಅವನ ಕಡೆಯಿಂದಲೇ ಮಾಲು ತಗೊಂಡರೆ ಹೀಗೆ ಸದಾ ಒಂದಿಷ್ಟು ಹೊರಗೇ ಇರುತ್ತೆ.

ಇದಕ್ಕೆ ಪರಿಹಾರ ಇದೆ, ಅದು ಎಷ್ಟೋ ಕ್ವಾರ್ಟರ್ಲಿ ವ್ಯಾಪಾರಿಗಳಿಗೇ ಗೊತ್ತಿಲ್ಲ. ಐಎಫ್‌ಎಫ್ ಅಂತ ಒಂದು ಸೌಲಭ್ಯ. ಕ್ವಾರ್ಟರ್‌ನ ಮೊದಲ ಎರಡು ತಿಂಗಳಲ್ಲಿ, ರಿಟರ್ನ್ ಹಾಕದೆಯೇ, ಬೇಕಾದ ಬಿಲ್ಲುಗಳನ್ನಷ್ಟೇ ಮುಂದಿನ ತಿಂಗಳು 13ನೇ ತಾರೀಖಿನೊಳಗೆ ಏರಿಸಬಹುದು. ತಿಂಗಳಿಗೆ 50 ಲಕ್ಷದ ಬಿಲ್ಲುಗಳವರೆಗೆ. ಅಲ್ಲಿ ಏರಿಸಿದ ಬಿಲ್ ಖರೀದಿ ಮಾಡಿದವನ 2ಬಿಯಲ್ಲಿ 14ಕ್ಕೇ ಬರುತ್ತೆ. ಇದು ಅವನಿಗೆ ಕಡ್ಡಾಯ ಅಲ್ಲ. ಕೇಳಿಕೊಳ್ಳಬೇಕು.

ರೆಜಿನ್‌ನವನದು ಬೇರೆ ಕಥೆ. ಟೇಬಲ್‌ನಲ್ಲಿ ಏಪ್ರಿಲ್ ಜಿಎಸ್‌ಟಿಆರ್-1 ಮೇ 10ಕ್ಕೇ ಹಾಕಿದ್ದು ಕಾಣುತ್ತೆ. ರಿಟರ್ನ್ ಹಾಕಿದ್ದಾನೆ, ಬಿಲ್ ಮಾತ್ರ ನಮ್ಮ ಕಡೆ ಬಂದಿಲ್ಲ. ಹೀಗಿದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು: ಒಂದೋ ನಮ್ಮ ಜಿಎಸ್‌ಟಿ ನಂಬರ್ ತಪ್ಪಾಗಿ ಹೊಡೆದಿದ್ದಾನೆ, ಇಲ್ಲವೇ ನಂಬರ್ ಹಾಕದೇ ಚಿಲ್ಲರೆ ಮಾರಾಟದಲ್ಲಿ ಸೇರಿಸಿದ್ದಾನೆ. ಬಿಲ್ ಫೋಟೋವನ್ನು ದೊಡ್ಡದು ಮಾಡಿ ಹದಿನೈದು ಅಕ್ಷರ ಒಂದೊಂದಾಗಿ ಕಾಕಾ ಅವರ ಸರ್ಟಿಫಿಕೇಟ್ ಜೊತೆ ಹೋಲಿಸಿದೆ. ಬಿಲ್ಲಿನಲ್ಲಿದ್ದ ನಂಬರ್ ಅವರ ತಮ್ಮನ ಫರ್ಮ್‌ನದು. ಇಬ್ಬರದೂ ಒಂದೇ ಶೆಡ್, ಹೆಸರೂ ಹೆಚ್ಚು ಕಡಿಮೆ ಒಂದೇ. ಬಿಲ್ ಪೂರ್ತಿ ತಮ್ಮನ 2ಬಿಗೆ ಹೋಗಿ ಕೂತಿದೆ. ಅಪಾಯ ಏನಂದ್ರೆ ತಮ್ಮನ ಲೆಕ್ಕ ನೋಡುವವರು ಗಮನಿಸದೆ ಅದನ್ನು ಹಿಡಿದುಬಿಟ್ಟಿರಬಹುದು, ಆಗ ಅವರು ಅದನ್ನು ವಾಪಸ್ ಮಾಡಬೇಕಾಗುತ್ತೆ. ಸಪ್ಲೈಯರ್ ಮುಂದಿನ ಜಿಎಸ್‌ಟಿಆರ್-1ರಲ್ಲಿ ತಿದ್ದುಪಡಿ ಮಾಡಿ ಸರಿಯಾದ ನಂಬರ್ ಹಾಕಬೇಕು.

ಇಷ್ಟನ್ನು ಒಂದು ವಾಟ್ಸಪ್ ಮೆಸೇಜ್‌ನಲ್ಲಿ ಬರೆದು ಕಳಿಸಿದೆ. ಎಕ್ಸೆಲ್ ಕಳಿಸಲಿಲ್ಲ. ಮೊದಲ ಸಾಲು, ಪಿಗ್ ಐರನ್ ಪಾರ್ಟಿ ಕ್ವಾರ್ಟರ್ಲಿ, ಐಎಫ್‌ಎಫ್‌ನಲ್ಲಿ ಹಾಕಲು ಹೇಳಿ, 27,000. ಎರಡನೇ ಸಾಲು, ರೆಜಿನ್ ಪಾರ್ಟಿ ತಮ್ಮನ ನಂಬರ್ ಹಾಕಿದ್ದಾನೆ, ತಿದ್ದಲು ಹೇಳಿ, 9,000. ಜೊತೆಗೆ ಫೋನಿನಲ್ಲಿ ಏನು ಹೇಳಬೇಕು ಅಂತಲೂ ಬರೆದೆ, ಯಾಕೆಂದರೆ "ನಿನ್ನ ರಿಟರ್ನ್ ಹಾಕು" ಅಂದರೆ ಕ್ವಾರ್ಟರ್ಲಿಯವನು "ನನ್ನ ತಾರೀಖು ಇನ್ನ ಬಂದಿಲ್ಲ" ಅಂತ ಜಗಳಕ್ಕೇ ನಿಲ್ಲುತ್ತಾನೆ.

ಕಾಕಾ ಫೋನ್ ಮಾಡಿದರು. "ಅಂದ್ರ ಇಷ್ಟ್ ದಿನ ನಾನು ಆ ಮನಷ್ಯಾನ್ನ ಸುಮ್ನೆ ಬೈದೆ?" ಅಂತ ನಕ್ಕರು. ಪಿಗ್ ಐರನ್‌ನವನಿಗೆ ಐಎಫ್‌ಎಫ್ ಅಂದರೆ ಏನಂತ ಗೊತ್ತಿರಲಿಲ್ಲ, ಅವನ ಲೆಕ್ಕ ನೋಡುವ ಹುಡುಗನ ಜೊತೆ ನಾನೇ ಮಾತಾಡಿದೆ. ಪ್ರತಿ ತಿಂಗಳು ಕಾಕಾ ಅವರ ಬಿಲ್ಲುಗಳನ್ನಷ್ಟೇ ಏರಿಸಲು ಅವನು ಒಪ್ಪಿಕೊಂಡ, ಅದಕ್ಕೆ ಅವನಿಗೆ ಹತ್ತು ನಿಮಿಷ. ಏಪ್ರಿಲ್ ಬಿಲ್ಲಿಗೆ ಈಗ ದಾರಿ ಇಲ್ಲ, ಮೇ 13 ದಾಟಿ ಹೋಗಿತ್ತು, ಜುಲೈವರೆಗೆ ಕಾಯಲೇಬೇಕು. ಮೇ ತಿಂಗಳದ್ದು ಜೂನ್ 14ಕ್ಕೆ ಬಂತು.

ಕಾಕಾ ಈಗ ಇನ್ನೊಂದು ಪದ್ಧತಿ ಶುರು ಮಾಡಿದ್ದಾರೆ, ಅದು ನಾನು ಹೇಳಿದ್ದಲ್ಲ, ಅವರದೇ ತಲೆ. ಹೊಸ ಸಪ್ಲೈಯರ್‌ಗೆ ಮಾಲಿನ ದುಡ್ಡು ಮೊದಲು, ಜಿಎಸ್‌ಟಿ ಭಾಗದ ದುಡ್ಡು 2ಬಿಯಲ್ಲಿ ಬಿಲ್ ಕಂಡ ಮೇಲೆ. ಗಟ್ಟಿಯಾಗಿ ಮಾತಾಡಬಲ್ಲ ದೊಡ್ಡ ಗಿರಾಕಿಗೆ ಇದು ನಡೆಯುತ್ತೆ. ಎಲ್ಲರಿಗೂ ನಡೆಯುವುದಿಲ್ಲ, ಮಾಲು ಕೊಡುವವನೇ ದೊಡ್ಡವನಾದರೆ "ಬೇಕಾದ್ರ ತಗೋ, ಇಲ್ಲಾಂದ್ರ ಬಿಡು" ಅಂತಾನೆ. ಬಾಕಿ ಹಿಡಿಯುವುದಕ್ಕೂ ಮಿತಿ ಇದೆ. ಬಿಲ್ಲಿನ ತಾರೀಖಿನಿಂದ 180 ದಿನದೊಳಗೆ ಪೂರ್ತಿ ದುಡ್ಡು ಕೊಡದಿದ್ದರೆ, ಕೊಡದ ಭಾಗದ ಇನ್‌ಪುಟ್ ಬಡ್ಡಿ ಸಮೇತ ವಾಪಸ್ ಮಾಡಬೇಕು. ಕೊಟ್ಟ ಮೇಲೆ ಮತ್ತೆ ಹಿಡಿಯಬಹುದು. ಇದನ್ನು ಅವರಿಗೆ ನೆನಪಿಸಿದ್ದೇನೆ.

ಪಟ್ಟಿ ಕೊಟ್ಟವರೆಲ್ಲ ಪಾರ್ಟಿ ಆಗಲಿಲ್ಲ. ಡಬ್ಬಿ ಮಾಡುವವರ ಲೆಕ್ಕ ತಾಳೆ ನೋಡಿದೆ, ಎಲ್ಲಾ ಸರಿ ಇತ್ತು, ಅವರ ಆಫೀಸಿನಲ್ಲಿರುವ ಹುಡುಗಿ 10ನೇ ತಾರೀಖಿಗೇ ಎಲ್ಲರಿಗೂ ಫೋನ್ ಮಾಡುತ್ತಾಳೆ. ನನ್ನ ಅವಶ್ಯಕತೆ ನಿಮಗಿಲ್ಲ ಅಂತ ಬರೆದು ಕಳಿಸಿದೆ. ಅವರೇ ಆಮೇಲೆ ಮಚ್ಛೆಯಲ್ಲಿರುವ ತಮ್ಮ ಭಾವನ ನಂಬರ್ ಕೊಟ್ಟರು.

ಮುಂದಿನ ತಿಂಗಳ ಮೀಟಿಂಗ್‌ಗೆ ಪಿಚ್‌ನಲ್ಲಿ ಒಂದು ವಾಕ್ಯ ಬದಲಿಸಿದೆ. "ಆ ಪಾರ್ಟಿ ಬಿಲ್ ಹಾಕಲಿಲ್ಲಂದ್ರ" ಅನ್ನೋ ಜಾಗದಲ್ಲಿ ಈಗ "ಆ ಪಾರ್ಟಿ ಬಿಲ್ ಹಾಕಲಿಲ್ಲಂದ್ರ, ಇಲ್ಲಾ ಕ್ವಾರ್ಟರ್ಲಿ ಇದ್ದರ" ಅಂತಿದೆ. ಮೂರು ಪದ ಹೆಚ್ಚಾಯಿತು. ಅದನ್ನು ಹೊಂದಿಸಲು "ಟಿಳಕವಾಡಿಯಾಗ" ತೆಗೆದೆ, ವಿಳಾಸ ಹೇಗೂ ಕಾರ್ಡ್‌ನಲ್ಲಿ ಇರುತ್ತೆ. ಆವತ್ತು ಕ್ವಾರ್ಟರ್ಲಿ ಅನ್ನುತ್ತಿದ್ದಂತೆ ಹೈಡ್ರಾಲಿಕ್‌ನವರು ಕುರ್ಚಿಯಿಂದಲೇ ಕೇಳಿದರು, "ಮೇಡಂ, ನಮ್ಮ ಪಾರ್ಟಿ ಕ್ವಾರ್ಟರ್ಲಿ ಐತೋ ಇಲ್ಲೋ ನಮಗ ಹೆಂಗ ತಿಳಿತೈತಿ?" ಉತ್ತರ ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಚಹಾ ಹೊತ್ತಿನಲ್ಲಿ ಅವರ ಮೊಬೈಲ್‌ನಲ್ಲೇ ಸರ್ಚ್ ಟ್ಯಾಕ್ಸ್‌ಪೇಯರ್ ತೆರೆದು ತೋರಿಸಿದೆ, ಸುತ್ತ ನಾಲ್ಕು ಜನ ಬಂದು ತಮ್ಮ ತಮ್ಮ ಸಪ್ಲೈಯರ್ ನಂಬರ್ ಹಾಕಿ ನೋಡಲು ಶುರು ಮಾಡಿದರು.